ಬ್ರೇಕ್‌ಔಟ್ ಲೆಕ್ಕದಲ್ಲಿ ಕಾಣೆಯಾದ ಷೇರುಗಳು

ಷೇರು ತನ್ನ 20 ದಿನಗಳ ಗರಿಷ್ಠ ಬೆಲೆಯನ್ನು ದಾಟಿದರೆ ಕೊಳ್ಳಬೇಕು, 10 ದಿನಗಳ ಕನಿಷ್ಠ ಬೆಲೆಗಿಂತ ಕೆಳಗಿಳಿದರೆ ಮಾರಬೇಕು. ಸರಳ ಬ್ರೇಕ್‌ಔಟ್ ವಿಧಾನ ಎಂದರೆ ಇಷ್ಟೇ. ಬೆಲೆಯ ಈ ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವಿನ ಪಟ್ಟಿಗೆ ಅಮೆರಿಕದ ರಿಚರ್ಡ್ ಡಾಂಚಿಯನ್ ಅವರ ಹೆಸರೇ ಇದೆ. 1983ರಲ್ಲಿ ಶಿಕಾಗೋದ ರಿಚರ್ಡ್ ಡೆನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್ ‘ಟರ್ಟಲ್ಸ್’ ಎಂಬ ಶಿಷ್ಯರ ತಂಡಕ್ಕೆ ಕಲಿಸಿದ ಎರಡು ಪದ್ಧತಿಗಳಲ್ಲಿ ಒಂದು ಈ 20 ದಿನಗಳದ್ದು, ಇನ್ನೊಂದು 55 ದಿನಗಳದ್ದು. ಆದರೆ ಅವರು ವಹಿವಾಟು ನಡೆಸಿದ್ದು ಫ್ಯೂಚರ್ಸ್‌ನಲ್ಲಿ. ಅಲ್ಲಿ ಬೆಲೆ ಏರಿದರೂ ಇಳಿದರೂ ದುಡಿಯಲು ದಾರಿಯಿತ್ತು. ಅದೇ ನಿಯಮವನ್ನು ನಮ್ಮ ಷೇರುಗಳ ಮೇಲೆ, ಕೊಳ್ಳುವ ಬದಿಗೆ ಮಾತ್ರ ಹಾಕಿ ನೋಡಿದರೆ ಏನಾಗುತ್ತದೆ?

ಹುಬ್ಬಳ್ಳಿಯಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪೈಥಾನ್ ಕಲಿತವರು. ಅವರು ಈ ಪ್ರಶ್ನೆಗೆ ಉತ್ತರ ಕಂಡುಕೊಂಡೇ ಲ್ಯಾಪ್‌ಟಾಪ್ ಹಿಡಿದು ಬಂದಿದ್ದರು. ಪರದೆಯ ಮೇಲೆ ಎಡದಿಂದ ಬಲಕ್ಕೆ ಏರುತ್ತ ಹೋದ ಒಂದು ಗೆರೆ. “ನೋಡ್ರಿ ಸರ್, ಗೆರಿ ಎಲ್ಲೆರೆ ಕೆಳಗ ಇಳದೈತೇನು?” ಎಂದರು. ನಿಜಕ್ಕೂ ಎಲ್ಲೂ ಇಳಿದಿರಲಿಲ್ಲ. 2008ರಲ್ಲಿ ಇಡೀ ಮಾರುಕಟ್ಟೆ ಕುಸಿದಾಗಲೂ ಅದು ಸ್ವಲ್ಪ ಹೊತ್ತು ನಿಂತು, ಉಸಿರು ತೆಗೆದುಕೊಂಡು ಮುಂದೆ ಹೋಗಿತ್ತು. ಅನುಮಾನ ಹುಟ್ಟಿಸಿದ್ದೇ ಆ ನುಣುಪು. ಬ್ರೇಕ್‌ಔಟ್ ವಿಧಾನದಲ್ಲಿ ಹತ್ತು ಸಲ ಕೊಂಡರೆ ಆರೇಳು ಸಲ ಸಣ್ಣ ನಷ್ಟವಾಗುವುದು ಸಹಜ. ದೊಡ್ಡದಾಗಿ ಓಡುವ ಒಂದೆರಡು ಷೇರುಗಳೇ ಉಳಿದದ್ದನ್ನೆಲ್ಲ ತುಂಬಿಕೊಡಬೇಕು. ಹಾಗಾಗಿ ಪ್ರಾಮಾಣಿಕ ಗೆರೆಯಲ್ಲಿ ತಿಂಗಳುಗಟ್ಟಲೆ ಸೊರಗಿದ ಭಾಗಗಳು ಇದ್ದೇ ಇರುತ್ತವೆ.

ನಾವಿಬ್ಬರೂ ಕಡತಗಳನ್ನು ಒಂದೊಂದಾಗಿ ಬಿಚ್ಚಿದೆವು. ಮೊದಲು ಕೇಳಿದ ಪ್ರಶ್ನೆ, ಯಾವ ಷೇರುಗಳ ಮೇಲೆ ಪರೀಕ್ಷೆ ನಡೆದಿದೆ ಎಂಬುದು. ಉತ್ತರ: ನಿಫ್ಟಿ 50. ಯಾವ ದಿನದ ನಿಫ್ಟಿ? ಇವತ್ತಿನದು. ಇಂದಿನ ಐವತ್ತು ಹೆಸರುಗಳನ್ನು ಇಳಿಸಿಕೊಂಡು, ಅವುಗಳ ಬೆಲೆಯನ್ನು 2007ರಿಂದ ತೆಗೆದು ಲೆಕ್ಕ ಹಾಕಲಾಗಿತ್ತು. ಫಲಿತಾಂಶದ ದಿನ ಪಾಸಾದವರ ಪಟ್ಟಿಯನ್ನಷ್ಟೇ ಹಿಡಿದು, ಈ ಶಾಲೆಯಲ್ಲಿ ಫೇಲಾದವರೇ ಇಲ್ಲ ಎಂದ ಹಾಗೆ.

2008ರ ನಿಫ್ಟಿಯಲ್ಲಿ ಯುನಿಟೆಕ್ ಇತ್ತು, ಸುಜ್ಲಾನ್ ಇತ್ತು, ರಿಲಯನ್ಸ್ ಕಮ್ಯುನಿಕೇಷನ್ಸ್ ಇತ್ತು, ಸತ್ಯಂ ಕಂಪ್ಯೂಟರ್ಸ್ ಇತ್ತು. ಆ ವರ್ಷದ ಜನವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಷೇರಿನ ಬೆಲೆ ₹800ರ ಮೇಲಿತ್ತು. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ, 2019ರ ಕೊನೆಯ ಹೊತ್ತಿಗೆ ಬೆಲೆ ₹10ಕ್ಕಿಂತ ಕೆಳಗಿತ್ತು. ಸತ್ಯಂ ಲೆಕ್ಕಪತ್ರಗಳ ಮೋಸ 2009ರ ಜನವರಿ 7ರಂದು ಬಯಲಾಯಿತು. ಆಮೇಲೆ ಕಂಪನಿ ಮಹೀಂದ್ರ ಸತ್ಯಂ ಆಗಿ, 2013ರಲ್ಲಿ ಟೆಕ್ ಮಹೀಂದ್ರದಲ್ಲಿ ವಿಲೀನವಾಯಿತು. ಗೆಳೆಯರ ಕಡತದಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಉಳಿದುಕೊಂಡವುಗಳನ್ನಷ್ಟೇ ಎಣಿಸುವ ಈ ದೋಷಕ್ಕೆ ಸರ್ವೈವರ್‌ಶಿಪ್ ಬಯಾಸ್ ಎನ್ನುತ್ತಾರೆ.

ಗೆಳೆಯರು ಇದಕ್ಕೆ ಒಳ್ಳೆಯ ತಕರಾರನ್ನೇ ತೆಗೆದರು. ಬ್ರೇಕ್‌ಔಟ್ ನಿಯಮದಲ್ಲಿ ಹೊರಬೀಳುವ ದಾರಿ ಇದೆಯಲ್ಲ, ಷೇರು ₹800ರಿಂದ ₹10ಕ್ಕೆ ಬೀಳುವವರೆಗೆ ಯಾರು ಹಿಡಿದುಕೊಂಡು ಕೂರುತ್ತಾರೆ? 10 ದಿನಗಳ ಕನಿಷ್ಠ ಬೆಲೆ ಮುರಿದ ತಕ್ಷಣ ಮಾರಿ ಹೊರಬರುತ್ತೇವೆ, ಹಾಗಿದ್ದ ಮೇಲೆ ಸತ್ತ ಷೇರುಗಳು ಪಟ್ಟಿಯಲ್ಲಿದ್ದರೇನು, ಬಿಟ್ಟರೇನು?

ಮಾತಿನಲ್ಲಿ ಅರ್ಧ ನಿಜವಿದೆ. ವರ್ಷಗಟ್ಟಲೆ ಇಳಿಯುವ ಷೇರು ನೇರವಾಗಿ ಇಳಿಯುವುದಿಲ್ಲ. ನಡುನಡುವೆ ಪುಟಿದೇಳುತ್ತದೆ, 20 ದಿನಗಳ ಗರಿಷ್ಠವನ್ನು ದಾಟುತ್ತದೆ, ಕೊಳ್ಳಿಸುತ್ತದೆ, ಮತ್ತೆ ಕುಸಿಯುತ್ತದೆ. ಒಂದೊಂದು ಸಲಕ್ಕೂ ಸಣ್ಣ ನಷ್ಟ. ಇಂಥ ಸುಳ್ಳು ಬ್ರೇಕ್‌ಔಟ್‌ಗಳೆಲ್ಲ ಗೆಳೆಯರ ಲೆಕ್ಕದಿಂದ ಮಾಯವಾಗಿದ್ದವು. ಆದರೆ ಹೆಚ್ಚು ದೊಡ್ಡ ತಪ್ಪು ಪಟ್ಟಿಯ ಇನ್ನೊಂದು ತುದಿಯಲ್ಲಿತ್ತು. ಒಂದು ಷೇರು ನಿಫ್ಟಿಗೆ ಸೇರುವುದೇ ಅದರ ಮಾರುಕಟ್ಟೆ ಮೌಲ್ಯ ಬೆಳೆದ ಮೇಲೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಟಾಟಾ ಸಮೂಹದ ಟ್ರೆಂಟ್ ನಿಫ್ಟಿಗೆ ಬಂದದ್ದು 2024ರ ಸೆಪ್ಟೆಂಬರ್ 30ರಂದು, ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವುಗಳ ಬೆಲೆ ಹಲವು ಪಟ್ಟು ಏರಿದ ನಂತರ. ಟೈಟನ್ ಬಂದದ್ದು 2018ರಲ್ಲಿ, ಬಜಾಜ್ ಫೈನಾನ್ಸ್ 2017ರಲ್ಲಿ. ಇವನ್ನು 2007ರ ಪಟ್ಟಿಯಲ್ಲಿ ಕೂರಿಸಿದರೆ, ಮುಂದೆ ಯಾರು ಓಡುತ್ತಾರೆ ಎಂಬ ಗುಟ್ಟನ್ನು ಮೊದಲೇ ಹೇಳಿಕೊಟ್ಟಂತಾಯಿತು. ದೊಡ್ಡ ಓಟಗಳನ್ನೇ ನೆಚ್ಚಿಕೊಂಡ ಬ್ರೇಕ್‌ಔಟ್ ವಿಧಾನಕ್ಕೆ ಓಡಿದ ಷೇರುಗಳನ್ನೇ ಆರಿಸಿ ಕೊಟ್ಟರೆ ಗೆರೆ ಏರದೆ ಇನ್ನೇನಾಗುತ್ತದೆ?

ಇದನ್ನು ಪತ್ತೆ ಹಚ್ಚಲು ಸುಲಭದ ಒಂದು ಪರೀಕ್ಷೆ ಇದೆ. ಅದೇ ಐವತ್ತು ಷೇರುಗಳನ್ನು ಮೊದಲ ದಿನವೇ ಸಮಪಾಲಾಗಿ ಕೊಂಡು, ಏನೂ ಮಾಡದೆ ಕೊನೆಯವರೆಗೆ ಬಿಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ನೋಡುವುದು. ಗೆಳೆಯರ ಪಟ್ಟಿಯಲ್ಲಿ ಹಾಗೆ ಸುಮ್ಮನೆ ಬಿಟ್ಟ ಹಣವೇ ಬ್ರೇಕ್‌ಔಟ್‌ಗಿಂತ ಹೆಚ್ಚು ಬೆಳೆದಿತ್ತು. ಇಷ್ಟು ಹೊತ್ತು ನಾವು ಅಳೆಯುತ್ತಿದ್ದುದು ಪಟ್ಟಿಯನ್ನು, ನಿಯಮವನ್ನಲ್ಲ.

ಸರಿಪಡಿಸಲು ದುಬಾರಿ ದತ್ತಾಂಶ ಬೇಕಾಗಲಿಲ್ಲ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಪ್ರತಿದಿನ ವಹಿವಾಟು ಮುಗಿದ ಮೇಲೆ ಭಾವ್‌ಕಾಪಿ ಎಂಬ ಕಡತವನ್ನು ಉಚಿತವಾಗಿ ಹಾಕುತ್ತದೆ. ಆ ದಿನ ವಹಿವಾಟಾದ ಎಲ್ಲ ಷೇರುಗಳ ಆರಂಭದ, ಗರಿಷ್ಠ, ಕನಿಷ್ಠ, ಮುಕ್ತಾಯದ ಬೆಲೆಗಳು ಮತ್ತು ವಹಿವಾಟಿನ ಮೊತ್ತ ಅದರಲ್ಲಿರುತ್ತವೆ. ಆ ದಿನ ಬದುಕಿದ್ದು ಆಮೇಲೆ ಸತ್ತ ಷೇರೂ ಅಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಹೊಸ ನಿಯಮ ಹೀಗಾಯಿತು: ಪ್ರತಿ ತಿಂಗಳ ಕೊನೆಗೆ, ಹಿಂದಿನ ಆರು ತಿಂಗಳ ಸರಾಸರಿ ವಹಿವಾಟಿನ ಮೊತ್ತದಲ್ಲಿ ಮೊದಲ 200 ಸ್ಥಾನ ಪಡೆದ ಷೇರುಗಳನ್ನು ಆರಿಸುವುದು, ಮುಂದಿನ ತಿಂಗಳು ಅವುಗಳಲ್ಲಿ ಮಾತ್ರ ಕೊಳ್ಳುವುದು. ಈ ಆಯ್ಕೆಗೆ ಬೇಕಾದ ಎಲ್ಲ ಮಾಹಿತಿಯೂ ಆ ತಿಂಗಳ ಕೊನೆಯ ದಿನ ನಿಜವಾಗಿ ಕೈಯಲ್ಲಿ ಇರುವಂಥದ್ದೇ.

ಕಡತಗಳನ್ನು ಜೋಡಿಸುವಾಗ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು ಸೀರೀಸ್ ಎಂಬ ಕಾಲಂ. ಸಾಮಾನ್ಯ ಷೇರುಗಳಿಗೆ ಅಲ್ಲಿ `EQ` ಎಂದಿರುತ್ತದೆ. ಹೆಚ್ಚಿನವರು ಮಾಡುವ ಮೊದಲ ಕೆಲಸ `EQ` ಅಲ್ಲದ ಸಾಲುಗಳನ್ನೆಲ್ಲ ಅಳಿಸುವುದು. ಆದರೆ ಕಂಪನಿ ಕಷ್ಟಕ್ಕೆ ಸಿಕ್ಕಾಗ ಷೇರು ಹಲವು ಸಲ `BE` ಅಥವಾ `BZ` ಸೀರೀಸ್‌ಗೆ ಸರಿಯುತ್ತದೆ. ಅಳಿಸಿದರೆ ಕೊನೆಯ ಕುಸಿತದ ದಿನಗಳೇ ಕಡತದಿಂದ ಹೋಗಿ, ಷೇರು ಹಿಂದಿನ ಒಳ್ಳೆಯ ಬೆಲೆಯಲ್ಲೇ ನಿಂತುಬಿಟ್ಟಂತೆ ಕಾಣುತ್ತದೆ. ಬಾಗಿಲಿನಿಂದ ಓಡಿಸಿದ ಸರ್ವೈವರ್‌ಶಿಪ್ ಬಯಾಸ್ ಕಿಟಕಿಯಿಂದ ಒಳಬರುವುದು ಹೀಗೆ. ಕೈಯಲ್ಲಿರುವ ಷೇರಿನ ವಹಿವಾಟೇ ನಿಂತುಹೋದರೆ ಏನು ಬೆಲೆ ಹಾಕಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕು. 2021ರ ಜೂನ್‌ನಲ್ಲಿ ಡಿಎಚ್‌ಎಫ್‌ಎಲ್ ಷೇರನ್ನು ಪಟ್ಟಿಯಿಂದ ತೆಗೆದಾಗ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. ನಮ್ಮ ಲೆಕ್ಕದಲ್ಲೂ ಸೊನ್ನೆ ಎಂದೇ ಹಾಕಿದೆವು. ವಿಲೀನವಾದ ಕಂಪನಿಗಳಿಗೆ ಮಾತ್ರ ಸಿಕ್ಕ ಹೊಸ ಷೇರುಗಳ ಬೆಲೆ.

ಎರಡನೆಯದು ಹೆಸರು. ಇನ್ಫೋಸಿಸ್‌ನ ಹಳೆಯ ಸಂಕೇತ `INFOSYSTCH`. ಕಂಪನಿ ತನ್ನ ಹೆಸರಿನಿಂದ ಟೆಕ್ನಾಲಜೀಸ್ ಎಂಬುದನ್ನು 2011ರಲ್ಲಿ ಕೈಬಿಟ್ಟ ಮೇಲೆ ಅದು `INFY` ಆಯಿತು. ಜೋಡಿಸದಿದ್ದರೆ ಒಂದು ಕಂಪನಿ ಸತ್ತು ಇನ್ನೊಂದು ಹುಟ್ಟಿದಂತೆ ಕಂಪ್ಯೂಟರ್ ತಿಳಿಯುತ್ತದೆ.

ಮೂರನೆಯದು ಬೋನಸ್ ಮತ್ತು ಸ್ಪ್ಲಿಟ್. ಭಾವ್‌ಕಾಪಿಯಲ್ಲಿರುವುದು ಆ ದಿನದ ನಿಜವಾದ ಬೆಲೆ, ಹೊಂದಿಸಿದ ಬೆಲೆಯಲ್ಲ. ಇನ್ಫೋಸಿಸ್ 2014, 2015 ಮತ್ತು 2018ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. ಮೂರು ಸಲವೂ ಬೆಲೆ ಒಂದೇ ರಾತ್ರಿಯಲ್ಲಿ ಅರ್ಧವಾಯಿತು, ಷೇರುದಾರನಿಗೆ ನಷ್ಟವೇನೂ ಆಗಲಿಲ್ಲ. ಹಳೆಯ ಬೆಲೆಗಳನ್ನು ಎರಡರಿಂದ ಭಾಗಿಸದಿದ್ದರೆ ಬ್ಯಾಕ್‌ಟೆಸ್ಟ್ ಅದನ್ನು ಐವತ್ತು ಶೇಕಡಾ ಕುಸಿತವೆಂದು ನಂಬಿ ಮಾರಿಬಿಡುತ್ತದೆ. ಷೇರುಗಳನ್ನು ಒಗ್ಗೂಡಿಸಿ ಮುಖಬೆಲೆ ಹೆಚ್ಚಿಸಿದಾಗ ಇದರ ತಿರುಗುಮುರುಗು ಆಗಿ ಹುಸಿ ಬ್ರೇಕ್‌ಔಟ್ ಕಾಣುತ್ತದೆ. ಹಾಗಾಗಿ ಲೆಕ್ಕ ಮುಗಿದ ಮೇಲೆ ಅತಿ ಹೆಚ್ಚು ಲಾಭದ ಮತ್ತು ಅತಿ ಹೆಚ್ಚು ನಷ್ಟದ ವಹಿವಾಟುಗಳನ್ನು ಒಂದೊಂದಾಗಿ ತೆರೆದು, ಆ ದಿನ ಕಂಪನಿಯಲ್ಲಿ ಏನು ನಡೆದಿತ್ತೆಂದು ಕೈಯಾರೆ ನೋಡುವುದು ಒಳ್ಳೆಯದು. ದತ್ತಾಂಶದ ದೋಷಗಳು ಅಡಗಿರುವುದು ಹೆಚ್ಚಾಗಿ ಆ ಎರಡು ತುದಿಗಳಲ್ಲೇ.

ಪಟ್ಟಿ ಸರಿಹೋದ ಮೇಲೆ ಬಂದ ಪ್ರಶ್ನೆ, ಯಾವ ಬೆಲೆಗೆ ಕೊಂಡಿರಿ ಎಂಬುದು. ಬೆಲೆ ಗೆರೆ ದಾಟಿದೆಯೇ ಎಂಬುದನ್ನು ದಿನದ ಮುಕ್ತಾಯದ ಬೆಲೆಯಿಂದ ತೀರ್ಮಾನಿಸಿ, ಅದೇ ದಿನ ಗೆರೆಯ ಬೆಲೆಗೇ ಕೊಂಡಂತೆ ಗೆಳೆಯರ ಕೋಡ್ ಬರೆದುಕೊಂಡಿತ್ತು. ಸಂಜೆ ಮೂರೂವರೆಗೆ ತಿಳಿದ ಸುದ್ದಿಯಿಂದ ಬೆಳಗಿನ ಬೆಲೆಗೆ ಕೊಳ್ಳುವುದು ಯಾರಿಂದಲೂ ಆಗದು. ತಿದ್ದಿದ್ದು ಮೂರೇ ಸಾಲು:

```
df["hi20"] = df["High"].rolling(20).max().shift(1)
df["signal"] = df["Close"] > df["hi20"]
df["entry"] = df["Open"].shift(-1).where(df["signal"])
```

ಮೊದಲ ಸಾಲಿನ `shift(1)` ಇಂದಿನ ದಿನವನ್ನು ಬಿಟ್ಟು ಹಿಂದಿನ 20 ದಿನಗಳ ಗರಿಷ್ಠವನ್ನು ತೆಗೆಯುತ್ತದೆ. ಮೂರನೆಯ ಸಾಲು ಮರುದಿನದ ಆರಂಭದ ಬೆಲೆಗೆ ಕೊಳ್ಳುತ್ತದೆ. ಬ್ರೇಕ್‌ಔಟ್ ಆದ ಮರುದಿನ ಷೇರು ಹಲವು ಸಲ ಮೇಲೇ ತೆರೆದುಕೊಳ್ಳುತ್ತದೆ. ಹಾಗಾಗಿ ಈ ಒಂದು ತಿದ್ದುಪಡಿಯಿಂದಲೇ ಲಾಭದ ದೊಡ್ಡ ಪಾಲು ಕರಗಿತು. ಇಡೀ ದಿನ ಮೇಲಿನ ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡ ಷೇರು ಬಯಸಿದರೂ ಸಿಗುವುದಿಲ್ಲ, ಅಂಥ ದಿನಗಳ ಖರೀದಿಯನ್ನು ರದ್ದುಮಾಡಬೇಕು.

ಮಾರುವಾಗಲೂ ಅಷ್ಟೇ. ಯೆಸ್ ಬ್ಯಾಂಕ್ 2019ರ ಏಪ್ರಿಲ್ 26ರಂದು ತನ್ನ ಮೊದಲ ತ್ರೈಮಾಸಿಕ ನಷ್ಟವನ್ನು ಪ್ರಕಟಿಸಿತು. ಮುಂದಿನ ವಹಿವಾಟಿನ ದಿನವಾದ 30ರಂದು ಷೇರು ಒಂದೇ ದಿನ ಸುಮಾರು 30 ಶೇಕಡಾ ಬಿತ್ತು. ಹಿಂದಿನ ಮುಕ್ತಾಯಕ್ಕಿಂತ 5 ಶೇಕಡಾ ಕೆಳಗೆ ಸ್ಟಾಪ್‌ಲಾಸ್ ಇಟ್ಟವನಿಗೆ ಅಂಥ ದಿನ ಆ ಬೆಲೆ ಸಿಗುವ ಖಾತ್ರಿ ಇಲ್ಲ. ಆರಂಭದ ಬೆಲೆಯೇ ಸ್ಟಾಪ್‌ಲಾಸ್‌ಗಿಂತ ಕೆಳಗಿದ್ದರೆ ಲೆಕ್ಕದಲ್ಲಿ ಆರಂಭದ ಬೆಲೆಯನ್ನೇ ಬರೆಯಬೇಕು.

ಇನ್ನು ಖರ್ಚು. ಡೆಲಿವರಿ ವಹಿವಾಟಿನಲ್ಲಿ ಕೊಳ್ಳುವಾಗ 0.1 ಶೇಕಡಾ, ಮಾರುವಾಗ 0.1 ಶೇಕಡಾ ಎಸ್‌ಟಿಟಿ, ಕೊಳ್ಳುವಾಗ 0.015 ಶೇಕಡಾ ಮುದ್ರಾಂಕ ಶುಲ್ಕ, ಜೊತೆಗೆ ವಿನಿಮಯ ಕೇಂದ್ರದ ಸಣ್ಣ ಶುಲ್ಕ. ಬಯಸಿದ ಬೆಲೆಗೂ ಸಿಕ್ಕ ಬೆಲೆಗೂ ಇರುವ ಅಂತರವಾದ ಸ್ಲಿಪೇಜ್ ಸೇರಿಸಿ, ಕೊಂಡು ಮಾರಿದ ಒಂದು ಸುತ್ತಿಗೆ ಅರ್ಧ ಶೇಕಡಾ ಎಂದು ಹಿಡಿಯೋಣ. ಇಡೀ ಬಂಡವಾಳ ವರ್ಷಕ್ಕೆ ಐದು ಸುತ್ತು ತಿರುಗಿದರೆ ವರ್ಷಕ್ಕೆ 2.5 ಶೇಕಡಾ ಹೋಯಿತು. ಕೇಳಲು ಚಿಕ್ಕದು. 15 ವರ್ಷ ಹೀಗೇ ನಡೆದರೆ ಕೊನೆಗೆ ಕೈಗೆ ಬರುವ ಮೊತ್ತ ಸುಮಾರು 32 ಶೇಕಡಾ ಕಡಿಮೆಯಾಗಿರುತ್ತದೆ. ಇದಕ್ಕೆ ಅಲ್ಪಾವಧಿ ಬಂಡವಾಳ ಲಾಭದ ತೆರಿಗೆ ಇನ್ನೂ ಸೇರಿಲ್ಲ. ಅದು 2024ರ ಜುಲೈ 23ರಿಂದ 20 ಶೇಕಡಾ.

ಇಷ್ಟಾದ ಮೇಲೂ ಗೆಳೆಯರ ಕೈಯಲ್ಲಿ ಒಂದು ತುರುಫು ಉಳಿದಿತ್ತು. ಅವರು ಕೊನೆಗೆ ನೆಚ್ಚಿಕೊಂಡಿದ್ದ ನಿಯಮ 20 ದಿನಗಳದ್ದಲ್ಲ, 37 ದಿನಗಳದ್ದು. ಹೊರಬರಲು 13 ದಿನ. ಈ ಸಂಖ್ಯೆಗಳು ಎಲ್ಲಿಂದ ಬಂದವು? ಒಳಬರಲು 10ರಿಂದ 60 ದಿನ, ಹೊರಬರಲು 5ರಿಂದ 30 ದಿನ, ಎಲ್ಲ ಜೋಡಿಗಳನ್ನೂ ಓಡಿಸಿ ಅತ್ಯುತ್ತಮವಾದದ್ದನ್ನು ಆರಿಸಿಕೊಂಡಿದ್ದರು. 51 ಗುಣಿಸು 26, ಅಂದರೆ 1,326 ಜೋಡಿಗಳು. ಕರ್ವ್ ಫಿಟ್ಟಿಂಗ್ ಎಂಬುದು ಇದೇ. ಹಳೆಯ ಬೆಲೆಗಳ ಅಂಕುಡೊಂಕಿಗೆ ತಕ್ಕಂತೆ ನಿಯಮವನ್ನೇ ಹೊಲಿಯುವುದು.

ಇದರಿಂದ ಎಷ್ಟು ಮೋಸವಾಗಬಹುದು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಒಂದು ನಿಯಮಕ್ಕೆ ಯಾವ ಶಕ್ತಿಯೂ ಇಲ್ಲ, ಅದರ ನಿಜವಾದ ಸರಾಸರಿ ಗಳಿಕೆ ಸೊನ್ನೆ ಎಂದುಕೊಳ್ಳೋಣ. ಅದರ ಗಳಿಕೆ ವರ್ಷಕ್ಕೆ 15 ಶೇಕಡಾದಷ್ಟು ಏರಿಳಿಯುತ್ತದೆ. 10 ವರ್ಷಗಳ ಸರಾಸರಿ ತೆಗೆದರೆ ಏರಿಳಿತ 15ನ್ನು ಹತ್ತರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 4.7 ಶೇಕಡಾಕ್ಕೆ ಇಳಿಯುತ್ತದೆ. ಇಂಥ ನೂರು ನಿಷ್ಪ್ರಯೋಜಕ ನಿಯಮಗಳನ್ನು ಓಡಿಸಿ ಅತ್ಯುತ್ತಮವಾದದ್ದನ್ನು ಎತ್ತಿಕೊಂಡರೆ, ಅದು ಸರಾಸರಿಗಿಂತ ಎರಡೂವರೆ ಪಟ್ಟು ಏರಿಳಿತದಷ್ಟು ಮೇಲಿರುವುದು ಸಹಜ. 4.7ರ ಎರಡೂವರೆ ಪಟ್ಟು ಎಂದರೆ ಸುಮಾರು 12. ಏನೂ ಇಲ್ಲದ ಕಡೆಯಿಂದ, ಬರೀ ಆರಿಸಿಕೊಂಡ ಕಾರಣಕ್ಕೆ, ವರ್ಷಕ್ಕೆ 12 ಶೇಕಡಾ ಗಳಿಕೆ ಪರದೆಯ ಮೇಲೆ ಮೂಡುತ್ತದೆ. 36, 37, 38 ದಿನಗಳ ನಿಯಮಗಳು ಒಂದಕ್ಕೊಂದು ಸೋದರರಾದ್ದರಿಂದ 1,326 ಜೋಡಿಗಳು ನಿಜಕ್ಕೂ 1,326 ಬೇರೆ ಬೇರೆ ಪ್ರಯೋಗಗಳಲ್ಲ. ಆದರೂ ಒಂದೇ ಪ್ರಯೋಗವಂತೂ ಅಲ್ಲ.

ಆ ಸೋದರ ಸಂಬಂಧವೇ ಪರೀಕ್ಷೆಗೂ ಉಪಯೋಗಕ್ಕೆ ಬಂತು. ಬ್ರೇಕ್‌ಔಟ್‌ನಲ್ಲಿ ನಿಜವಾದ ಸತ್ವವಿದ್ದರೆ 37ಕ್ಕೂ 34ಕ್ಕೂ 40ಕ್ಕೂ ದೊಡ್ಡ ಅಂತರ ಇರಬಾರದು. ಫಲಿತಾಂಶಗಳನ್ನೆಲ್ಲ ಒಂದು ಕೋಷ್ಟಕದಲ್ಲಿ ಹಾಕಿ, ಹೆಚ್ಚು ಗಳಿಕೆಗೆ ಕಡು ಬಣ್ಣ, ಕಡಿಮೆಗೆ ತಿಳಿ ಬಣ್ಣ ಬಳಿದೆವು. 37–13ರ ಚೌಕ ಒಂಟಿಯಾಗಿ ಕಡುಗಪ್ಪಾಗಿತ್ತು, ಅಕ್ಕಪಕ್ಕದ ಚೌಕಗಳೆಲ್ಲ ಪೇಲವ. ಕೆಲವೇ ವಹಿವಾಟುಗಳು ಒಂದು ದಿನ ಆಚೆ ಈಚೆಯಾಗಿ ಆ ಚೌಕಕ್ಕೆ ಬಿದ್ದಿದ್ದವು. 45ರಿಂದ 55 ದಿನಗಳ ಸುತ್ತ ಮಾತ್ರ ಬಣ್ಣ ಸಾಧಾರಣವಾಗಿ, ಅಗಲವಾಗಿ ಹರಡಿತ್ತು. ಶಿಖರವನ್ನು ಬಿಟ್ಟು ಆ ಬಯಲಿನ ನಡುವಿನಿಂದ 50–20 ಎಂಬ ಜೋಡಿಯನ್ನು ಆರಿಸಿದೆವು.

ಆಮೇಲೆ ದಿನಗಳನ್ನು ಕಲಸುವ ಪರೀಕ್ಷೆ. ಎಲ್ಲ ಷೇರುಗಳ ದಿನದ ಏರಿಳಿತಗಳನ್ನು ತೆಗೆದುಕೊಂಡು ದಿನಗಳ ಕ್ರಮವನ್ನು ಇಸ್ಪೀಟೆಲೆಯಂತೆ ಕಲಸುವುದು, ಎಲ್ಲ ಷೇರುಗಳಿಗೂ ಒಂದೇ ಕ್ರಮ. ಷೇರಿನ ಮೊದಲ ಬೆಲೆ, ಕೊನೆಯ ಬೆಲೆ ಹಾಗೆಯೇ ಉಳಿಯುತ್ತವೆ, ನಡುವಿನ ದೀರ್ಘ ಓಟಗಳು ಒಡೆದುಹೋಗುತ್ತವೆ. ಹೀಗೆ ನೂರಾರು ಸಲ ಕಲಸಿದ ಕಡತಗಳ ಮೇಲೂ ನಿಯಮ ಅಷ್ಟೇ ಗಳಿಸಿದರೆ, ಲಾಭ ಬಂದದ್ದು ಮಾರುಕಟ್ಟೆ ಒಟ್ಟಾರೆ ಏರಿದ್ದರಿಂದ, ಬ್ರೇಕ್‌ಔಟ್‌ನಿಂದಲ್ಲ. 50–20 ಈ ಪರೀಕ್ಷೆಯಲ್ಲಿ ಪಾರಾಯಿತು, ಆದರೆ ಸಣ್ಣ ಅಂತರದಿಂದ.

ಈ ಜೋಡಿಯನ್ನು ಆರಿಸಿದ್ದು, ಕಲಸಿ ನೋಡಿದ್ದು ಎಲ್ಲ 2016ರವರೆಗಿನ ಬೆಲೆಗಳ ಮೇಲೆ ಮಾತ್ರ. 2017ರಿಂದ ಈಚಿನದನ್ನು ಬೇರೆ ಫೋಲ್ಡರಿನಲ್ಲಿಟ್ಟು ಮುಟ್ಟಿರಲಿಲ್ಲ. ನಿಯಮ, ಖರ್ಚು, ಷೇರು ಆರಿಸುವ ವಿಧಾನ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಆಮೇಲೆ ಆ ಫೋಲ್ಡರನ್ನು ಒಂದೇ ಸಲ ತೆರೆಯಬೇಕು ಎಂಬುದು ಒಪ್ಪಂದ. ಫಲಿತಾಂಶ ನೋಡಿ ನಿಯಮವನ್ನು ತಿದ್ದಿ ಮತ್ತೆ ಓಡಿಸಿದರೆ, ಆ ಕ್ಷಣದಿಂದ ಅದೂ ತರಬೇತಿಯ ಕಡತವೇ ಆಗಿಬಿಡುತ್ತದೆ. ಗೆಳೆಯರಿಗೆ ಕಷ್ಟವಾದದ್ದು ಈ ಭಾಗವೇ. “ಒಮ್ಮೆ 52 ಹಾಕಿ ನೋಡೂಣ್ರಿ ಸರ್” ಎಂದು ಮನಸ್ಸು ಎಳೆಯುತ್ತದೆ. ನಾನು ಒಪ್ಪಲಿಲ್ಲ, ಹಾಳೆಯ ಕೆಳಗೆ ಇಬ್ಬರೂ ಸಹಿ ಹಾಕಿದ್ದೆವು.

ಕೊನೆಗೆ ಬಂದ ಗೆರೆ ಮೊದಲಿನದರ ದೂರದ ಸಂಬಂಧಿಯೂ ಅಲ್ಲ. ಖರ್ಚು ಕಳೆದ ಮೇಲೆ ಗಳಿಕೆ, ಅದೇ 200 ಷೇರುಗಳನ್ನು ಸಮಪಾಲಾಗಿ ಇಟ್ಟುಕೊಂಡವನ ಗಳಿಕೆಗೆ ಹತ್ತಿರಹತ್ತಿರ ಇತ್ತು. ತೆರಿಗೆ ಸೇರಿಸಿದರೆ ಸ್ವಲ್ಪ ಕೆಳಗೆ. 2020ರ ಜನವರಿಯ 12,430ರ ಎತ್ತರದಿಂದ ನಿಫ್ಟಿ ಮಾರ್ಚ್‌ನಲ್ಲಿ 7,511ಕ್ಕೆ ಬಿದ್ದಾಗ ನಿಯಮ ಬಹಳಷ್ಟು ಷೇರುಗಳನ್ನು ಮೊದಲೇ ಮಾರಿ, ಕುಸಿತದ ಏಟನ್ನು ಕಡಿಮೆ ಮಾಡಿತ್ತು. ಅದಕ್ಕೆ ಪ್ರತಿಯಾಗಿ ಏಪ್ರಿಲ್‌ನಲ್ಲಿ ಮಾರುಕಟ್ಟೆ ಏರತೊಡಗಿದಾಗ ಮರಳಿ ಒಳಬರಲು ತಡಮಾಡಿತು. ಹೆಚ್ಚು ಹಣ ಮಾಡುವ ಯಂತ್ರ ಎಂದು ಇದನ್ನು ಕರೆಯಲಾಗದು. ದೊಡ್ಡ ಕುಸಿತದಲ್ಲಿ ಕಡಿಮೆ ನೋಯಲು ಗಳಿಕೆಯ ಒಂದಿಷ್ಟು ಪಾಲನ್ನು ಶುಲ್ಕವಾಗಿ ಕೊಡುವ ಏರ್ಪಾಡು ಎನ್ನಬಹುದು. ಬಂಡವಾಳದ ಸಣ್ಣ ಭಾಗವನ್ನಷ್ಟೇ ಇದಕ್ಕೆ ಕೊಟ್ಟು, ಉಳಿದದ್ದನ್ನು ಇಂಡೆಕ್ಸ್ ಫಂಡ್‌ನಲ್ಲಿ ಇಡುವುದೆಂದು ಗೆಳೆಯರು ತೀರ್ಮಾನಿಸಿದ್ದಾರೆ.

ಬ್ರೇಕ್‌ಔಟ್ ಕಲಿಸುತ್ತೇವೆಂದು ಶುಲ್ಕ ಕೇಳುವವರು ಏರುವ ಗೆರೆಯೊಂದನ್ನು ತೋರಿಸಿದರೆ ಓದುಗರು ಮೂರು ಉತ್ತರಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ: ಷೇರುಗಳ ಪಟ್ಟಿ ಯಾವ ದಿನದ್ದು, ಎಷ್ಟು ಜೋಡಿಗಳನ್ನು ಓಡಿಸಿ ಈ ಒಂದನ್ನು ಆರಿಸಿದ್ದೀರಿ, ಕೊಂಡದ್ದು ಯಾವ ಬೆಲೆಗೆ. ಮೂರರಲ್ಲಿ ಒಂದಕ್ಕೆ ಉತ್ತರ ಬಾರದಿದ್ದರೂ ಶುಲ್ಕ ಕಟ್ಟಬೇಡಿ.